ಚೈನ್ ರೂಲ್ ವರ್ಕ್‌ಶೀಟಿನಲ್ಲಿ ಹಾರಿಹೋದ ಹೆಜ್ಜೆ ಹಿಡಿಯುವುದು ಹೇಗೆ?

ಫಸ್ಟ್ ಇಯರ್ ಬಿಎಸ್ಸಿ ಹುಡುಗರ ಕ್ಯಾಲ್ಕುಲಸ್ ವರ್ಕ್‌ಶೀಟುಗಳನ್ನು ತಿದ್ದುವಾಗ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಚೈನ್ ರೂಲ್ ಗೊತ್ತಿಲ್ಲದೆ ತಪ್ಪು ಮಾಡುವವರು ಕಡಿಮೆ. "ಹೊರಗಿನದರ ಡೆರಿವೇಟಿವ್ ಇಂಟು ಒಳಗಿನದರ ಡೆರಿವೇಟಿವ್" ಅಂತ ಎಲ್ಲರೂ ಒಪ್ಪಿಸುತ್ತಾರೆ. ತಪ್ಪಾಗುವುದು ಮೂರ್ನಾಲ್ಕು ಹೆಜ್ಜೆಗಳನ್ನು ಒಂದೇ ಸಾಲಿನಲ್ಲಿ ಮುಗಿಸುವಾಗ. ಆ ಸಾಲಿನಲ್ಲಿ ಒಂದು ಗುಣಕ ಬಿದ್ದುಹೋಗಿರುತ್ತದೆ. ಕೊನೆಯಲ್ಲಿ ಕೊಟ್ಟ ಉತ್ತರದ ಜೊತೆ ತಾಳೆ ನೋಡಿದರೆ "ತಪ್ಪಾಗಿದೆ" ಎನ್ನುವುದು ತಿಳಿಯುತ್ತದೆ, ಎಲ್ಲಿ ಎನ್ನುವುದು ತಿಳಿಯುವುದಿಲ್ಲ. ಕೆಲವು ಸಲ ಉತ್ತರ ಸರಿಯೇ ಇದ್ದು ಬೇರೆ ವೇಷದಲ್ಲಿರುತ್ತದೆ. ಇನ್ನು ಕೆಲವು ಸಲ ಉತ್ತರ ಸರಿ, ದಾರಿ ತಪ್ಪು. ಇವು ಮೂರನ್ನೂ ಬೇರ್ಪಡಿಸಿ ನೋಡಲು ಒಂದು ಪೆನ್ನು ಮತ್ತು ಸಾಧಾರಣ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕು.

ಮೊದಲು ಪ್ರಶ್ನೆಯನ್ನೇ ಸರಿಯಾಗಿ ಓದಿಕೊಳ್ಳಿ. ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯಿಂದ ಬಂದ ಹಾಳೆ ಕಾಪಿಯ ಕಾಪಿಯ ಕಾಪಿ ಆಗಿರುತ್ತದೆ. ಅದರಲ್ಲಿ ಮೊದಲು ಮಾಸುವುದೇ ಮೇಲೆ ಸಣ್ಣದಾಗಿ ಬರೆದ ಘಾತ. `sin²3x` ಎಂದಿದ್ದದ್ದು `sin 3x` ಎಂದು ಕಾಣಬಹುದು, ಮೈನಸ್ ಚಿಹ್ನೆ ಧೂಳಿನ ಗೆರೆಯಂತೆ ಕಾಣಬಹುದು. ಅನುಮಾನ ಬಂದರೆ ಪಕ್ಕದವರ ಹಾಳೆ ನೋಡಿ. ಆಮೇಲೆ ತ್ರಿಕೋನಮಿತಿಯ ಘಾತಗಳನ್ನೆಲ್ಲ ಬ್ರಾಕೆಟ್ ಹಾಕಿ ಬಿಡಿಸಿ ಬರೆದುಕೊಳ್ಳಿ. `sin²3x` ಎಂದರೆ `(sin 3x)^2`, `sin x²` ಎಂದರೆ `sin(x^2)`. ಒಂದರಲ್ಲಿ ವರ್ಗ ಹೊರಗಿನ ಪದರ, ಇನ್ನೊಂದರಲ್ಲಿ ಒಳಗಿನದು. ಇಲ್ಲಿ ಎಡವಿದವರು ಮುಂದೆ ಎಷ್ಟು ಎಚ್ಚರವಾಗಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಅವರು ಬೇರೆಯದೇ ಲೆಕ್ಕ ಮಾಡುತ್ತಿರುತ್ತಾರೆ.

ಒತ್ತುವ ಗುಂಡಿಗಳ ಪಟ್ಟಿ

ಒಂದೇ ಲೆಕ್ಕವನ್ನು ಕೊನೆಯವರೆಗೂ ಹಿಡಿದು ನೋಡೋಣ:

```
y = sqrt(1 + sin²3x)
```

ಇದರಲ್ಲಿ ಎಷ್ಟು ಪದರಗಳಿವೆ? ಕಣ್ಣಳತೆಯಲ್ಲಿ ಹೇಳಲು ಹೋದರೆ ಒಬ್ಬರು ಎರಡು ಅನ್ನುತ್ತಾರೆ, ಇನ್ನೊಬ್ಬರು ಮೂರು. ಅದರ ಬದಲು `x = 0.2` ಎಂದು ಇಟ್ಟುಕೊಂಡು, `y` ಬೆಲೆ ಕಂಡುಹಿಡಿಯಲು ಒಂದಾದ ಮೇಲೊಂದು ಏನೇನು ಮಾಡುತ್ತೀರಿ ಎಂದು ಯೋಚಿಸಿ. ಮೊದಲು 3ರಿಂದ ಗುಣಿಸುತ್ತೀರಿ. ಅದರ ಸೈನ್ ತೆಗೆಯುತ್ತೀರಿ. ಬಂದದ್ದನ್ನು ವರ್ಗ ಮಾಡುತ್ತೀರಿ. 1 ಕೂಡುತ್ತೀರಿ. ಕೊನೆಗೆ ವರ್ಗಮೂಲ. ಒಟ್ಟು ಐದು ಕೆಲಸ. ಮೊದಲು ಮಾಡಿದ್ದು ಎಲ್ಲಕ್ಕಿಂತ ಒಳಗಿನ ಪದರ, ಕೊನೆಗೆ ಒತ್ತಿದ ಗುಂಡಿ ಎಲ್ಲಕ್ಕಿಂತ ಹೊರಗಿನದು.

ಪ್ರತಿ ಕೆಲಸಕ್ಕೂ ಒಂದು ಗುಣಕ ಬರಲೇಬೇಕು. ಅದನ್ನು ಪಕ್ಕದಲ್ಲಿ ಬರೆಯಿರಿ:

```
3x               3
sin 3x           cos 3x
(sin 3x)^2       2 sin 3x
1 + sin²3x       1
sqrt(1+sin²3x)   1 / (2 sqrt(1+sin²3x))
```

ಬಲಗಡೆಯ ಐದನ್ನೂ ಗುಣಿಸಿದರೆ ಅದೇ ಡೆರಿವೇಟಿವ್. ನಾಲ್ಕನೆಯ ಸಾಲಿನ ಗುಣಕ ಬರೀ 1, ಹಾಗಾಗಿ ಅದನ್ನು ಯಾರು ಬಿಟ್ಟರೂ ನಷ್ಟವಿಲ್ಲ. ಆದರೂ ಪಟ್ಟಿಯಲ್ಲಿ ಬರೆಯಿರಿ. 1 ಕೂಡುವ ಬದಲು `x` ಕೂಡುವ ಲೆಕ್ಕ ಬಂದಾಗ ಅದೇ ಸಾಲು ಕೈ ಕೊಡುತ್ತದೆ.

ಪ್ರತಿ ಗುಣಕದೊಳಗೂ ಒಳಗಿನ ಪದರ ಹೇಗಿತ್ತೋ ಹಾಗೇ ಉಳಿದಿದೆಯೇ ಎನ್ನುವುದನ್ನೂ ಗಮನಿಸಿ. ಸೈನ್ ಹೋಗಿ ಕೊಸೈನ್ ಆದರೂ ಒಳಗಿನ `3x` ಮುಟ್ಟಿಲ್ಲ. ವರ್ಗಮೂಲ ಛೇದಕ್ಕೆ ಇಳಿದರೂ ಅದರೊಳಗಿನ `1 + sin²3x` ಹಾಗೇ ಇದೆ. ಹೊರಗಿನ ಪದರದ ಡೆರಿವೇಟಿವ್ ತೆಗೆಯುವಾಗ ಒಳಗಿನದಕ್ಕೆ ಕೈ ಹಾಕಬಾರದು; ಅದರ ಸರದಿ ಬೇರೆ ಗುಣಕವಾಗಿ ಬರುತ್ತದೆ.

ವಿದ್ಯಾರ್ಥಿಯ ಸಾಲಿನ ಮೇಲೆ ಗುರುತು ಹಾಕುವುದು

ಪಾವಗಡ ಕಡೆಯ ಒಬ್ಬ ಹುಡುಗ ಇದೇ ಲೆಕ್ಕವನ್ನು ಒಂದೇ ಸಾಲಿನಲ್ಲಿ ಹೀಗೆ ಮುಗಿಸಿ ತಂದಿದ್ದ:

```
dy/dx = sin 3x cos 3x / sqrt(1 + sin²3x)
```

ಹಾಳೆಯ ಹಿಂದೆ ಕೊಟ್ಟಿದ್ದ ಉತ್ತರ ಇದು:

```
3 sin 6x / (2 sqrt(1 + sin²3x))
```

"ಸಾರ್, ಕೀನಲ್ಲಿ ಕೆಳಗೆ 2 ಇದೆ, ನಂದ್ರಲ್ಲಿ ಇಲ್ಲ. ಅದೊಂದೇ ಅಲ್ವಾ ತಪ್ಪು?" ಎಂದ.

"ನಿನ್ನ ಸಾಲಿನಲ್ಲಿ 2 ಇರ್ಲೇ ಇಲ್ವೇನಪ್ಪಾ?"

"ಇತ್ತು ಸಾರ್, ಮೇಲೊಂದು ಕೆಳಗೊಂದು. ಮನಸ್ಸಲ್ಲೇ ಹೊಡೆದಾಕ್ದೆ."

ಅವನು ಹೇಳಿದ್ದು ಸರಿ. ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಗುಣಕಕ್ಕೆ ಗುರುತು ಹಾಕಿದರೆ ಅದು ಗೊತ್ತಾಗುತ್ತದೆ. `cos 3x` ಅವನ ಸಾಲಿನಲ್ಲಿದೆ, ಗುರುತು ಹಾಕಿ. `2 sin 3x`ನಲ್ಲಿ `sin 3x` ಇದೆ, 2 ಇಲ್ಲ. ವರ್ಗಮೂಲದ ಗುಣಕದಲ್ಲಿ ಛೇದದ ವರ್ಗಮೂಲ ಇದೆ, 2 ಇಲ್ಲ. ಕಾಣೆಯಾದ ಎರಡು 2ಗಳಲ್ಲಿ ಒಂದು ಅಂಶದ್ದು, ಒಂದು ಛೇದದ್ದು. ಅವು ಪರಸ್ಪರ ಹೊಡೆದುಹೋದವು, ಲೆಕ್ಕ ಚುಕ್ತಾ. ಆದರೆ ಮೊದಲ ಸಾಲಿನ 3? ಅದು ಅವನ ಸಾಲಿನಲ್ಲಿ ಎಲ್ಲೂ ಇಲ್ಲ, ಅದನ್ನು ಹೊಡೆದುಹಾಕಲು ಜೊತೆಗಾರನೂ ಇಲ್ಲ. ಬಿಟ್ಟುಹೋದದ್ದು ಅದೇ.

ಕೀ ಉತ್ತರದ 2 ಬಂದದ್ದು ಬೇರೆ ಕಡೆಯಿಂದ. `2 sin 3x cos 3x = sin 6x` ಆಗುವುದರಿಂದ `3 sin 3x cos 3x` ಎಂಬುದನ್ನು `(3/2) sin 6x` ಎಂದು ಬರೆದಿದ್ದಾರೆ, ಅಷ್ಟೇ. ಹುಡುಗ ಕೀ ನೋಡಿ ತನ್ನ ಛೇದಕ್ಕೊಂದು 2 ಸೇರಿಸಿದ್ದರೆ ಮೊದಲು ಮೂರರಲ್ಲೊಂದು ಪಾಲು ಇದ್ದ ಉತ್ತರ ಆರರಲ್ಲೊಂದು ಪಾಲಾಗುತ್ತಿತ್ತು. ಕೀ ಉತ್ತರದ ಆಕಾರ ನೋಡಿಕೊಂಡು ತಿದ್ದುವ ಅಭ್ಯಾಸ ಈ ಕಾರಣಕ್ಕೇ ಅಪಾಯ.

ಕ್ರಮ ಇಷ್ಟು: ಪಟ್ಟಿಯ ಪ್ರತಿ ಗುಣಕವೂ ಸಾಲಿನಲ್ಲಿ ಕಾಣಬೇಕು, ಇಲ್ಲವೇ ಅದು ಯಾವುದರ ಜೊತೆ ಹೊಡೆದುಹೋಯಿತು ಎಂದು ಬೆರಳಿಟ್ಟು ತೋರಿಸುವಂತಿರಬೇಕು. ಎರಡೂ ಇಲ್ಲದಿದ್ದರೆ ಅದು ಹಾರಿಹೋದ ಹೆಜ್ಜೆ.

ಸಂಖ್ಯೆ ಹಾಕಿ ಪರೀಕ್ಷಿಸುವುದು

ಗುರುತು ಹಾಕಿದ್ದು ಸರಿಯೇ ಎಂದು ಖಾತ್ರಿ ಮಾಡಿಕೊಳ್ಳಲು, ಅಥವಾ ಎರಡು ಬೇರೆ ಆಕಾರದ ಉತ್ತರಗಳು ಒಂದೇನಾ ಎಂದು ನೋಡಲು, ಡೆರಿವೇಟಿವ್‌ನ ಬೆಲೆಯನ್ನು ಸೂತ್ರದ ಹಂಗಿಲ್ಲದೆ ನೇರವಾಗಿ ಪಡೆಯಬಹುದು:

```
( f(x + h) - f(x - h) ) / (2h)
```

`h = 0.001` ಇಟ್ಟುಕೊಳ್ಳಿ. ಇನ್ನೂ ಚಿಕ್ಕದು ಇದ್ದಷ್ಟೂ ಒಳ್ಳೆಯದು ಎಂದು ಕೆಲವರು 0.00000001 ಹಾಕುತ್ತಾರೆ. ಆಗ ಎರಡು ಬೆಲೆಗಳ ಮೊದಲ ಏಳೆಂಟು ಅಂಕಿಗಳು ಒಂದೇ ಆಗಿ, ಕಳೆದ ಮೇಲೆ ನಂಬುವಂಥ ಅಂಕಿ ಒಂದೆರಡು ಮಾತ್ರ ಉಳಿಯುತ್ತದೆ. 0.001 ಇಟ್ಟರೆ ಈ ಹಾಳೆಗಳ ಲೆಕ್ಕಗಳಿಗೆ ನಾಲ್ಕು ಅಂಕಿ ಸರಿಯಾಗಿ ಸಿಗುತ್ತದೆ, ನಮಗೆ ಅಷ್ಟು ಸಾಕು.

ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆಯೇ ನೋಡಿ. ಪರದೆಯ ಮೇಲೆ `D` ಇದ್ದರೆ ಡಿಗ್ರಿ, `R` ಇದ್ದರೆ ರೇಡಿಯನ್. ಪಿಯುಸಿಯಲ್ಲಿ ಫಿಸಿಕ್ಸ್ ಲೆಕ್ಕಕ್ಕೆಂದು ಡಿಗ್ರಿಗೆ ಹಾಕಿದ್ದನ್ನು ಬದಲಿಸದವರು ಬಹಳ ಜನ. `sin`ನ ಡೆರಿವೇಟಿವ್ `cos` ಆಗುವುದು ಕೋನ ರೇಡಿಯನ್‌ನಲ್ಲಿ ಇದ್ದಾಗ ಮಾತ್ರ. `sin 3x`ನಂಥ ಲೆಕ್ಕದಲ್ಲಿ ನೇರ ಬೆಲೆಯನ್ನು ನಿಮ್ಮ ಉತ್ತರದ ಬೆಲೆಯಿಂದ ಭಾಗಿಸಿದಾಗ ಸುಮಾರು 0.01745 ಬಂದರೆ ಉತ್ತರವನ್ನು ಹೊಡೆದುಹಾಕಬೇಡಿ. ಅದು `π/180`, ತಪ್ಪು ಕ್ಯಾಲ್ಕುಲೇಟರಿನ ಮೋಡ್‌ನಲ್ಲಿದೆ.

ಈಗ ನಮ್ಮ ಲೆಕ್ಕ. `x = 0.2`:

```
f(0.201) = 1.149618
f(0.199) = 1.147183
(1.149618 - 1.147183) / 0.002 = 1.2175
```

ಕ್ಯಾಲ್ಕುಲೇಟರಿನ ಎಲ್ಲ ಅಂಕಿಗಳನ್ನೂ ಉಳಿಸಿಕೊಂಡು ಮಾಡಿದರೆ 1.2174 ಬರುತ್ತದೆ. ಹುಡುಗನ ಸಾಲಿಗೆ 0.2 ಹಾಕಿದರೆ 0.4058. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ: 3.000. `x = 0.4`ನಲ್ಲಿ ನೇರ ಬೆಲೆ 0.7412, ಅವನದು 0.2471, ಭಾಗಿಸಿದರೆ ಮತ್ತೆ 3. ಕಾಣೆಯಾದ ಗುಣಕ ಯಾವುದೆಂದು ಭಾಗಲಬ್ಧವೇ ಹೇಳಿತು.

ಹಾಕುವ `x` ಬೆಲೆಯ ಬಗ್ಗೆ ಒಂದು ಮಾತು. ಸುಲಭ ಎಂದು 0 ಅಥವಾ 1 ಹಾಕಬೇಡಿ. `x = 0`ನಲ್ಲಿ ನಮ್ಮ ಲೆಕ್ಕದ ಸರಿ ಉತ್ತರವೂ 0, ತಪ್ಪು ಉತ್ತರವೂ 0. `x = 1`ನಲ್ಲಿ `x`, `x²`, `x³` ಎಲ್ಲ ಒಂದೇ, `2x`ಗೂ 2ಕ್ಕೂ ವ್ಯತ್ಯಾಸವಿಲ್ಲ. 0.5 ಕೂಡ ಬೇಡ, ಅಲ್ಲಿ `2x` ಎಂದರೆ 1, ಆ ಗುಣಕ ಬಿಟ್ಟುಹೋಗಿದ್ದರೂ ಗೊತ್ತಾಗದು. 0.2, 0.4, 0.9 ಇಂಥವು ನಿರಪಾಯ.

ಭಾಗಲಬ್ಧವನ್ನು ಓದುವುದು

ಯಾವಾಗಲೂ ಎರಡು ಬೆಲೆಗಳಲ್ಲಿ ಪರೀಕ್ಷಿಸಿ. ಎರಡರಲ್ಲೂ 1 ಬಂದರೆ ಉತ್ತರ ಸರಿ, ಆಕಾರ ಹೇಗಾದರೂ ಇರಲಿ. ಎರಡರಲ್ಲೂ ಒಂದೇ ಸಂಖ್ಯೆ ಬಂದರೆ ಬಿದ್ದುಹೋದದ್ದು ಬರಿಯ ಸಂಖ್ಯೆ ಅಥವಾ ಚಿಹ್ನೆ. −1 ಬಂದರೆ `cos`ನ ಡೆರಿವೇಟಿವ್‌ನಲ್ಲಿ ಮೈನಸ್ ಮರೆತಿದ್ದಾರೆ. 1.5 ಬಂದರೆ ಒಂದಲ್ಲ, ಎರಡು ಗುಣಕಗಳು ಹೋಗಿವೆ. ಇದು `sqrt(1 + x³)`ನಲ್ಲಿ ಪದೇ ಪದೇ ಸಿಗುತ್ತದೆ. ಹಿಂದಿನ ಲೆಕ್ಕ `sqrt(1 + x²)` ಆಗಿರುತ್ತದೆ, ಅದರ ಉತ್ತರ `x / sqrt(1 + x²)`. ಅಲ್ಲಿ `2x`ನ 2 ಛೇದದ 2ರ ಜೊತೆ ಹೊಡೆದುಹೋದದ್ದನ್ನು ಬೋರ್ಡಿನ ಮೇಲೆ ಯಾರೂ ಬರೆದಿರುವುದಿಲ್ಲ. ವಿದ್ಯಾರ್ಥಿ ಅದನ್ನೇ ಅಚ್ಚೆಂದುಕೊಂಡು `x² / sqrt(1 + x³)` ಎಂದು ಬರೆಯುತ್ತಾನೆ. ಸರಿಯಾದದ್ದು `3x² / (2 sqrt(1 + x³))`. 3 ಮತ್ತು 1/2 ಎರಡೂ ಹೋಗಿವೆ, 1.5 ಅದನ್ನೇ ತೋರಿಸುತ್ತದೆ.

ಭಾಗಲಬ್ಧ `x` ಜೊತೆ ಬದಲಾದರೆ `x` ಇರುವ ಗುಣಕ ಬಿದ್ದಿದೆ, ಅಥವಾ ಒಳಪದರವೇ ಕೆಟ್ಟಿದೆ. ಇವೆರಡನ್ನೂ ಬಿಡಿಸಿ ನೋಡಲು `y = cos(x² + 1)` ಒಳ್ಳೆಯ ಉದಾಹರಣೆ. ಸರಿ ಉತ್ತರ `-2x sin(x² + 1)`. ಒಬ್ಬರು `-sin(x² + 1)` ಎಂದು ಬರೆದಿದ್ದಾರೆ. 0.4ರಲ್ಲಿ ಭಾಗಲಬ್ಧ 0.8, 0.9ರಲ್ಲಿ 1.8. ಎರಡೂ ಕಡೆ `x`ನ ದುಪ್ಪಟ್ಟು, ಹಾಗಾಗಿ ಹೋದದ್ದು `2x`. ಇನ್ನೊಬ್ಬರು `-sin(2x)` ಎಂದು ಬರೆದಿದ್ದಾರೆ, ಅಂದರೆ ಒಳಗಿನದರ ಡೆರಿವೇಟಿವ್ ತೆಗೆದು ಒಳಗೇ ಇಟ್ಟಿದ್ದಾರೆ. ಇವರದನ್ನು 0.9ರಲ್ಲಿ ಪರೀಕ್ಷಿಸಿದರೆ 1.80 ಬರುತ್ತದೆ! ಅದೊಂದನ್ನೇ ನೋಡಿದವರು "`2x` ಬಿಟ್ಟಿದ್ದಾನೆ" ಎಂದು ತೀರ್ಮಾನಿಸಿಬಿಡುತ್ತಾರೆ. 0.4ರಲ್ಲಿ ನೋಡಿದರೆ 1.02, ಅಲ್ಲಿ ಉತ್ತರ ಹೆಚ್ಚುಕಡಿಮೆ ಸರಿಯೇ ಎನಿಸುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟಾಗ ಮಾತ್ರ ಇದು `2x`ಗೂ ಹೊಂದುವುದಿಲ್ಲ, 1ಕ್ಕೂ ಹೊಂದುವುದಿಲ್ಲ ಎಂದು ತಿಳಿಯುತ್ತದೆ. ಹೀಗೆ ತಾಳಮೇಳವಿಲ್ಲದ ಭಾಗಲಬ್ಧ ಬಂದಾಗ ಗುಣಕ ಹುಡುಕುತ್ತಾ ಕೂರಬೇಡಿ. ನೇರವಾಗಿ ಬ್ರಾಕೆಟ್‌ಗಳ ಒಳಗೆ ನೋಡಿ, ಪ್ರಶ್ನೆಯಲ್ಲಿದ್ದ ಒಳಪದರ ಉತ್ತರದಲ್ಲಿ ಹಾಗೇ ಇದೆಯೇ ಎಂದು.

ಉತ್ತರ ಸರಿ, ದಾರಿ ಮಸುಕು

ಸಂಖ್ಯೆಯ ಪರೀಕ್ಷೆಗೆ ಸಿಗದ ತಪ್ಪುಗಳೂ ಇವೆ. ನನ್ನ ಮಟ್ಟಿಗೆ ಇವೇ ಹೆಚ್ಚು ತೊಂದರೆ ಕೊಡುವವು.

`y = log(5x)`, ಬೇಸ್ `e`. ಉತ್ತರ `1/x`. ಸರಿಯಾಗಿ ಮಾಡಿದವರು `(1/5x) · 5` ಎಂದು ಬರೆದು 5 ಹೊಡೆದುಹಾಕುತ್ತಾರೆ. ಇನ್ನೊಬ್ಬರು "ಲಾಗ್ ಅಂದರೆ `1/x`" ಎಂದು ಬಾಯಿಪಾಠ ಮಾಡಿ, ಒಳಗೆ ಏನಿದೆ ಎಂದು ನೋಡದೆ ಬರೆದಿರುತ್ತಾರೆ. ಇಬ್ಬರಿಗೂ ಪೂರ್ಣ ಅಂಕ. `log(kx)`ನಲ್ಲಿ `k` ಯಾವ ಧನ ಸಂಖ್ಯೆಯಾದರೂ ಡೆರಿವೇಟಿವ್ `1/x` ಆಗುವುದರಿಂದ ಯಾವ `x` ಹಾಕಿದರೂ ತಪ್ಪು ಹೊರಬೀಳದು. ಒಂದೇ ಸಾಲಿನಲ್ಲಿ `1/x` ಕಂಡರೆ ಪಕ್ಕದಲ್ಲಿ `log(5x + 2)` ಬರೆದು ಮಾಡಲು ಹೇಳಿ. `5/(5x + 2)` ಬಂದರೆ ಹೆಜ್ಜೆ ಮನಸ್ಸಿನಲ್ಲಿತ್ತು. `1/x` ಅಥವಾ `1/(5x + 2)` ಬಂದರೆ ಹೆಜ್ಜೆ ಇರಲೇ ಇಲ್ಲ.

`y = sin³3x`ನದು ಇನ್ನೊಂದು ಬಗೆ. ಉತ್ತರ `9 sin²3x cos 3x`. ವಿದ್ಯಾರ್ಥಿ `3 sin²3x cos 3x` ಬರೆದಿದ್ದರೆ ಭಾಗಲಬ್ಧ 3. ಆದರೆ ಯಾವ 3? ಘಾತದಿಂದ ಇಳಿದ 3 ಹೋಯಿತೋ, `3x`ನ 3 ಹೋಯಿತೋ? ಸಂಖ್ಯೆ ನೋಡಿ ಹೇಳಲಾಗದು. ಒಂದು ಘಾತದ ನಿಯಮದ ತಪ್ಪು, ಇನ್ನೊಂದು ಚೈನ್ ರೂಲ್‌ನ ತಪ್ಪು, ಎರಡಕ್ಕೂ ಬೇರೆ ಬೇರೆ ಅಭ್ಯಾಸ ಬೇಕು. ಇಲ್ಲಿ ದೋಷ ಪ್ರಶ್ನೆ ಬರೆದವರದೂ ಹೌದು. `sin³5x` ಕೊಟ್ಟಿದ್ದರೆ ಭಾಗಲಬ್ಧ 3 ಬಂದಿತೋ 5 ಬಂದಿತೋ ನೋಡಿ ತಕ್ಷಣ ತಿಳಿಯುತ್ತಿತ್ತು. ವರ್ಕ್‌ಶೀಟ್ ತಯಾರಿಸುವ ಮೇಷ್ಟ್ರುಗಳು ಒಂದು ಲೆಕ್ಕದೊಳಗೆ ಒಂದೇ ಸಂಖ್ಯೆಯನ್ನು ಎರಡು ಕಡೆ ಬಳಸದಿದ್ದರೆ ತಿದ್ದುವವರ ಕೆಲಸ ಅರ್ಧ ಇಳಿಯುತ್ತದೆ.

ಹಾಗಾದರೆ ಎಲ್ಲ ಹೆಜ್ಜೆಯನ್ನೂ ಬರೆಯಲೇಬೇಕೇ? ಬೇಡ. `e^(5x)` ಕಂಡು ನೇರವಾಗಿ `5e^(5x)` ಬರೆದರೆ ನಾನು ಅಂಕ ಕಡಿಯುವುದಿಲ್ಲ. ಒಳಗಿರುವುದು `ax + b` ಮಾದರಿಯದಾಗಿದ್ದು ಪದರಗಳು ಎರಡೇ ಇದ್ದಾಗ ಒಂದೇ ಸಾಲು ಸಾಕು. ಮೂರು ಪದರ ದಾಟಿದರೆ, ಅಥವಾ ಅಂಶ ಛೇದಗಳ ನಡುವೆ ಏನಾದರೂ ಹೊಡೆದುಹೋಗುವಂತಿದ್ದರೆ, ಸರಳಗೊಳಿಸುವ ಮುಂಚಿನ ಒಂದು ಸಾಲು ಬೇಕೇ ಬೇಕು. ನಮ್ಮ ಮೊದಲ ಲೆಕ್ಕದಲ್ಲಿ ಆ ಸಾಲು ಹೀಗಿರುತ್ತದೆ:

```
1/(2 sqrt(1+sin²3x)) · 2 sin 3x · cos 3x · 3
```

ಇಷ್ಟು ಬರೆಯಲು ಹೆಚ್ಚು ಸಮಯ ಹಿಡಿಯದು. ಡೆರಿವೇಟಿವ್ ತೆಗೆಯುವುದನ್ನೂ ಸರಳಗೊಳಿಸುವುದನ್ನೂ ಒಂದೇ ಸಾಲಿನಲ್ಲಿ ಮಾಡಬೇಡಿ ಎನ್ನುವುದೊಂದೇ ನನ್ನ ಹಟ.

ಗುಣಲಬ್ಧ ಬಂದಾಗ

ಭಾಗಲಬ್ಧದ ಉಪಾಯ ಇಡೀ ಉತ್ತರ ಗುಣಕಗಳ ಗುಣಾಕಾರವಾಗಿದ್ದಾಗ ಮಾತ್ರ ನಡೆಯುತ್ತದೆ. `y = x² e^(-3x)` ತೆಗೆದುಕೊಳ್ಳಿ. ಇಲ್ಲಿ ಪ್ರಾಡಕ್ಟ್ ರೂಲ್‌ನಿಂದ ಎರಡು ಪದಗಳು ಬರುತ್ತವೆ:

```
2x e^(-3x) - 3x² e^(-3x)
```

ವಿದ್ಯಾರ್ಥಿಯ ಉತ್ತರ `2x e^(-3x) + x² e^(-3x)` ಎಂದಿರಲಿ. ಇಡೀ ಉತ್ತರದಿಂದ ಭಾಗಿಸಿದರೆ ಅರ್ಥವಿಲ್ಲದ ಸಂಖ್ಯೆ ಬರುತ್ತದೆ, ಏಕೆಂದರೆ ಮೊದಲ ಪದ ಸರಿ, ಎರಡನೆಯದು ಮಾತ್ರ ತಪ್ಪು. ಆದ್ದರಿಂದ ಲೆಕ್ಕವನ್ನು ಮೊದಲು ಬಿಡಿ ಮಾಡಿ. `x²`ನ ಡೆರಿವೇಟಿವ್ ಅವರು ಏನು ತೆಗೆದುಕೊಂಡಿದ್ದಾರೆ? `2x`, ಸರಿ. `e^(-3x)`ನದು? ಎರಡನೆಯ ಪದದಿಂದ `x²` ತೆಗೆದುಬಿಟ್ಟರೆ ಉಳಿಯುವುದು `e^(-3x)`. ಇದೊಂದನ್ನೇ ಪರೀಕ್ಷಿಸಿ. `x = 0.2`ನಲ್ಲಿ ನೇರ ಬೆಲೆ −1.6464, ಅವರದು 0.5488, ಭಾಗಲಬ್ಧ −3. ಚಿಹ್ನೆಯೂ 3 ಕೂಡ ಒಟ್ಟಿಗೇ ಹೋಗಿವೆ, ಅಂದರೆ ಒಳಗಿನ `-3x`ನ ಸಾಲನ್ನೇ ಬರೆದಿಲ್ಲ.

`x² e^(-3x) / (1 + x)` ಥರದ್ದು ಬಂದರೂ ಹೀಗೆಯೇ. ಮೊದಲು ಯಾವ ಯಾವ ತುಂಡುಗಳ ಡೆರಿವೇಟಿವ್ ಬಳಸಿದ್ದಾರೆಂದು ಬೇರೆ ಬೇರೆ ಬರೆದುಕೊಳ್ಳಿ, ಚೈನ್ ರೂಲ್ ಬರುವ ತುಂಡಿಗೆ ಮಾತ್ರ ಗುಂಡಿಗಳ ಪಟ್ಟಿ ಮಾಡಿ, ಅದಕ್ಕೆ ಮಾತ್ರ ಭಾಗಲಬ್ಧ ನೋಡಿ. ತುಂಡುಗಳೆಲ್ಲ ಸರಿಯಿದ್ದೂ ಇಡೀ ಉತ್ತರ ಹೊಂದದಿದ್ದರೆ ತಪ್ಪಿರುವುದು ಅವನ್ನು ಜೋಡಿಸಿದ ಕಡೆ. ಆಗ ಹಾಳೆಯ ಅಂಚಿನಲ್ಲಿ "ಚೈನ್ ರೂಲ್ ಸರಿ, ಕೋಶೆಂಟ್ ರೂಲ್ ನೋಡು" ಎಂದು ಬರೆದು ವಾಪಸ್ ಕೊಡಿ.